ರಾಂಗ್ ನಂಬರಿನ ರಂಗಣ್ಣ

(ಕಥಾ ಕಮ್ಮಟವೊಂದರಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸ್ತಾ ಇದೆಯಾ? ಸರಿ.

ನನಗೆ ಕೊಟ್ಟ ವಿಷಯ 'ಸಣ್ಣಕಥೆಯ ಕಟ್ಟಡ'. ಐದು ಅಂಶ ಬರೆದುಕೊಂಡು ಬಂದಿದ್ದೆ. ಆದರೆ ನಿನ್ನೆ ರಾತ್ರಿ ನೀವೆಲ್ಲ ಬರೆದ ಕಥೆಗಳ ಕಟ್ಟನ್ನು ನನ್ನ ರೂಮಿಗೆ ಕಳಿಸಿದರು. ಒಂದು ಗಂಟೆಯವರೆಗೆ ಓದಿದೆ. ಮೂರು ಕಥೆಗಳಲ್ಲಿ ರಾಂಗ್ ನಂಬರ್ ಕಾಲ್ ಬರುತ್ತದೆ. ಮೂರರಲ್ಲೂ ಆ ಕಾಲ್ ಬಂದದ್ದು ಯಾಕೆ ಅಂದರೆ ವಿಧಿಯಾಟ. ಒಬ್ಬರಂತೂ 'ವಿಧಿಯು ಆ ದಿನ ಡಯಲ್ ತಿರುಗಿಸಿತು' ಅಂತ ಬರೆದಿದ್ದಾರೆ. ನಾನು ಮೂವತ್ತೊಂದು ವರ್ಷ ದೂರವಾಣಿ ಇಲಾಖೆಯಲ್ಲಿ ಕಂಬ ಹತ್ತಿದವನು ಸ್ವಾಮಿ. ವಿಧಿ ಡಯಲ್ ತಿರುಗಿಸಿದ್ದನ್ನು ಒಂದು ಸಲವೂ ನೋಡಿಲ್ಲ. ತಿರುಗಿಸುವವರು ಮನುಷ್ಯರು. ತಪ್ಪಿದರೆ ಅದಕ್ಕೊಂದು ಕಾರಣ ಇರುತ್ತೆ. ಆ ಕಾರಣ ಹುಡುಕಿಕೊಂಡು ಹೋದರೆ ಕಥೆ ಅಲ್ಲೇ ಕೂತಿರುತ್ತೆ.

ಹಾಗಾಗಿ ಇವತ್ತು ನನ್ನದೇ ಒಂದು ಕಥೆಯನ್ನು ಬಿಚ್ಚಿ ತೋರಿಸ್ತೀನಿ. ಅಂಗಡಿಯವನೊಬ್ಬನಿಗೆ ಪದೇ ಪದೇ ರಾಂಗ್ ನಂಬರ್ ಕಾಲ್ ಬರುತ್ತೆ, ಕೊನೆಗೆ ಆ ಕಡೆಯವರ ಜೊತೆ ಸ್ನೇಹ ಆಗುತ್ತೆ. ಇಷ್ಟೇ ಕಥೆ. ಇದನ್ನು ಒಟ್ಟು ಏಳು ಸಲ ಬರೆದೆ. ಆರು ಸಲ ಯಾಕೆ ಕೆಟ್ಟಿತು ಅಂತ ಹೇಳಿದರೆ ನಿಮಗೆ ಉಪಯೋಗ. ಏಳನೆಯದು ಚೆನ್ನಾಗಿದೆಯಾ ಅಂತ ನೀವೇ ಹೇಳಿ.

ಮೊದಲು ನಿಜವಾಗಿ ನಡೆದದ್ದು. ಎಂಬತ್ತರ ದಶಕದ ಕೊನೆ. ಒಂದು ಹೋಬಳಿ ಊರಿನಲ್ಲಿ ಗ್ರಂಧಿಗೆ ಅಂಗಡಿ. ಈಗಿನ ಮಕ್ಕಳಿಗೆ ಗೊತ್ತಿಲ್ಲದೇ ಇರಬಹುದು. ಬಜೆ, ಹಿಪ್ಪಲಿ, ಜೇಷ್ಠಮಧು, ಅಳಲೆಕಾಯಿ, ಸಾಂಬ್ರಾಣಿ, ಸೀಗೆಕಾಯಿ, ಅಂಟುವಾಳ ಎಲ್ಲ ಸಿಗುವ ಅಂಗಡಿ. ಒಳಗೆ ಕಾಲಿಟ್ಟರೆ ಸೀನು ಬರಬೇಕು, ಅದೇ ಅದರ ಗುರುತು. ಅಲ್ಲಿಗೆ ಲೈನ್ ನೋಡಲು ಹೋಗಿದ್ದೆ. ಅಂಗಡಿಯವರು ಹೇಳಿದರು: 'ದಿನಾ ಯಾರೋ ಒಂದು ಹೆಂಗಸು ಫೋನ್ ಮಾಡಿ ಯಾರನ್ನೋ ಕರೀರಿ ಅಂತಾರೆ, ತಲೆ ತಿಂತಾರೆ.' ನಾನು ಕೇಳಿದೆ, 'ಏನಾಯ್ತು ಆಮೇಲೆ?' 'ಏನಾಗೋದು? ಚೆನ್ನಾಗಿ ಬೈದೆ. ಆವಮ್ಮನೂ ಬೈದ್ರು. ನಿಂತೋಯ್ತು.'

ನೋಡಿ, ನಿಜ ಅಂದರೆ ಇಷ್ಟೇ. ಎರಡು ಸಾಲು, ಒಂದು ಜಗಳ. ಮನೆಗೆ ಹೋಗಿ ಊಟಕ್ಕೆ ಕೂತಾಗ ಅನ್ನಿಸಿತು, ಬೈಯದೇ ಇದ್ದಿದ್ದರೆ? ಅವತ್ತೇ ಬರೆದೆ. ಕೆಟ್ಟದಾಗಿತ್ತು. ಮೊದಲ ಕಾಲ್ ಬಂತು, ಎರಡನೇದು ಬಂತು, ಮೂರನೇದಕ್ಕೆ ಇಬ್ಬರೂ ಸ್ನೇಹಿತರು. ಊರಿನ ಸಂಬಂಧಿಕರೇ ಅಷ್ಟು ಬೇಗ ಸ್ನೇಹಿತರಾಗಲ್ಲ!

ಅಲ್ಲಿಂದ ನನಗೊಂದು ಹುಚ್ಚು ಹಿಡಿಯಿತು. ನನ್ನ ಹೆಂಡತಿ ಅದನ್ನು 'ಎರಡನೇ ಕಾಲಿನ ರೋಗ' ಅಂತಾಳೆ. ಅವಳು ಹಾಗಂದಾಗ ಮನೆಗೆ ಬಂದವರು ನನ್ನ ಕಾಲು ನೋಡ್ತಾರೆ, ಯಾವುದು ಎರಡನೇದು ಅಂತ. ಇರಲಿ. ಮೊದಲನೇ ರಾಂಗ್ ನಂಬರ್ ಯಾರಿಗೆ ಬೇಕಾದರೂ ಬರಬಹುದು, ಅದಕ್ಕೆ ಓದುಗ ಕಾರಣ ಕೇಳಲ್ಲ. ಅದೇ ಹೆಂಗಸು ಮಾರನೇ ದಿನ ಅದೇ ಅಂಗಡಿಗೆ ಮತ್ತೆ ಫೋನ್ ಮಾಡಿದರೆ ಕೇಳ್ತಾನೆ. ನಿನ್ನೆ ತಾನೇ ಅಲ್ಲ ಅಂದರಲ್ಲ, ಮತ್ತೆ ಯಾಕೆ ಮಾಡಿದರು? ಇದಕ್ಕೆ ಉತ್ತರ ಇಲ್ಲದಿದ್ದರೆ ಮೂರನೇ ಕಾಲಿನಲ್ಲಿ ನೀವು ಎಷ್ಟು ಕಣ್ಣೀರು ಹಾಕಿಸಿದರೂ ವೇಸ್ಟು.

ಉತ್ತರಕ್ಕೆ ನಾನು ನನ್ನ ಕಸುಬಿಗೇ ಹೋದೆ.

ಆ ಕಾಲದ ಫೋನ್ ಹೇಗಿತ್ತು ಅಂತ ಇಲ್ಲಿರುವ ಹಿರಿಯರಿಗೆ ಹೇಳಬೇಕಿಲ್ಲ. ನಮ್ಮ ಬೆಂಗಳೂರಿನ ಐಟಿಐ ಕಾರ್ಖಾನೆ 1948ರಲ್ಲಿ ಶುರುವಾದದ್ದು, ಅಲ್ಲಿಂದ ಬರುತ್ತಿದ್ದ ಕಪ್ಪು ಫೋನು. ಕಾಲ ಮೇಲೆ ಬಿದ್ದರೆ ಕಾಲಿಗೇ ಪೆಟ್ಟು, ಫೋನಿಗೆ ಏನೂ ಆಗಲ್ಲ. ಡಯಲ್ ಸುತ್ತಿ ಬಿಟ್ಟರೆ ಅದು ವಾಪಸ್ ಬರುವಾಗ ಲೈನನ್ನು ಕಟ್ ಮಾಡಿ ಕಟ್ ಮಾಡಿ ಸೇರಿಸುತ್ತೆ. ಎರಡು ಸುತ್ತಿದರೆ ಎರಡು ಸಲ, ನಾಲ್ಕಕ್ಕೆ ನಾಲ್ಕು ಸಲ. ಸೊನ್ನೆಗೆ ಹತ್ತು ಸಲ. ಆ ಕಡೆ ಎಕ್ಸ್‌ಚೇಂಜ್ ಕೂತು ಎಣಿಸುತ್ತೆ. ಸೆಕೆಂಡಿಗೆ ಸುಮಾರು ಹತ್ತು ಕಟ್ ಬೀಳುವ ಲೆಕ್ಕ. ಹಾಗಾಗಿ ಸೊನ್ನೆ ಸುತ್ತಿ ಬಿಟ್ಟರೆ ಡಯಲ್ ವಾಪಸ್ ಬರೋಕೆ ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಹಿಡಿಯಬೇಕು. ನಾವು ಡಯಲ್ ಸರಿ ಇದೆಯಾ ಅಂತ ನೋಡುತ್ತಿದ್ದದ್ದೇ ಹಾಗೆ. ಸೊನ್ನೆ ಸುತ್ತಿ, ಬಿಟ್ಟು, ಆ 'ಕರ್ರ್' ಸದ್ದು ಕೇಳೋದು. ಎಣ್ಣೆ ಆರಿದ ಡಯಲ್ ಆದರೆ ಸದ್ದು ನಡುವೆ ಎಲ್ಲೋ ಎಳೆಯುತ್ತೆ.

ಜನ ಇನ್ನೊಂದು ಮಾಡುತ್ತಿದ್ದರು. ಅವಸರಕ್ಕೆ ಡಯಲ್ ತಾನಾಗಿ ಬರಲು ಬಿಡದೆ ಬೆರಳಿನಲ್ಲೇ ಹಿಂದಕ್ಕೆ ತಳ್ಳೋದು. ಆಗ ಎಣಿಕೆ ತಪ್ಪುತ್ತೆ, ಬೇರೆ ಯಾರ ಮನೆಗೋ ಹೋಗುತ್ತೆ. ಇಲ್ಲೊಂದು ಸೂಕ್ಷ್ಮ ಇದೆ, ಗಮನಿಸಿ. ಹೀಗೆ ತಪ್ಪಿದರೆ ಪ್ರತಿ ಸಲ ಬೇರೆ ಬೇರೆ ಮನೆಗೆ ಹೋಗುತ್ತೆ. ಇವತ್ತು ಶಾನುಭೋಗರ ಮನೆ, ನಾಳೆ ರೈಸ್ ಮಿಲ್. ಪ್ರತಿ ಸಲವೂ ಒಂದೇ ಅಂಗಡಿಗೆ ಬೀಳುತ್ತಿದ್ದರೆ ಅದು ಡಯಲ್ ತಪ್ಪಲ್ಲ. ಕೈಯ ತಪ್ಪೂ ಅಲ್ಲ. ಆ ಮನುಷ್ಯರು ಸರಿಯಾಗಿ ಡಯಲ್ ಮಾಡ್ತಾ ಇದ್ದಾರೆ, ಅವರ ಹತ್ತಿರ ಇರುವ ನಂಬರೇ ತಪ್ಪು.

ಇದು ಹೊಳೆದ ದಿನ ನನಗೆ ಕಥೆ ಅರ್ಧ ಸಿಕ್ಕಿತು.

ಉಳಿದರ್ಧಕ್ಕೆ ಪಿ.ಪಿ. ನಂಬರ್ ಬೇಕಾಯಿತು. ನೆನಪಿದೆಯಾ? ಮದುವೆ ಕಾಗದದಲ್ಲಿ, ವಿಸಿಟಿಂಗ್ ಕಾರ್ಡಿನಲ್ಲಿ ನಂಬರ್ ಬರೆದು ಪಕ್ಕದಲ್ಲಿ 'ಪಿ.ಪಿ.' ಅಂತ ಹಾಕುತ್ತಿದ್ದರು. ಅಂದರೆ ಫೋನ್ ನಮ್ಮದಲ್ಲ, ಪಕ್ಕದ ಮನೆಯವರದು, ಅವರಿಗೆ ಹೇಳಿದರೆ ಕರೀತಾರೆ. ಪಾಪ, ಆ ಪಕ್ಕದ ಮನೆಯವರ ಕಷ್ಟವೂ ಇತ್ತು. ಒಲೆ ಮೇಲೆ ಹಾಲಿಟ್ಟು ಬೀದಿ ದಾಟಿ ಹೋಗಿ ಕರೆಯಬೇಕು. ಸ್ವಲ್ಪ ದಿನ ಕರೀತಾರೆ, ಆಮೇಲೆ 'ಊರಲ್ಲಿಲ್ಲ' ಅಂತಾರೆ, ಇನ್ನೂ ಬೇಜಾರಾದರೆ 'ರಾಂಗ್ ನಂಬರ್' ಅಂತ ಇಟ್ಟುಬಿಡ್ತಾರೆ. ಇದು ಫೋನ್ ಮಾಡುವವರಿಗೂ ಗೊತ್ತು. ಅಂದ ಮೇಲೆ, ಪಿ.ಪಿ. ನಂಬರಿಗೆ ಫೋನ್ ಮಾಡಿದ ಅಮ್ಮನೊಬ್ಬಳಿಗೆ 'ರಾಂಗ್ ನಂಬರ್' ಅಂದರೆ ಆಕೆ ನಂಬುತ್ತಾಳಾ? ಇಲ್ಲ. ಇವರಿಗೆ ಕರೆಯೋಕೆ ಸೋಮಾರಿತನ ಅಂದುಕೊಂಡು ಮಾರನೇ ದಿನ ಮತ್ತೆ ಮಾಡ್ತಾಳೆ.

ಅದೇ ನನ್ನ ಎರಡನೇ ಕಾಲು. ವಿಧಿ ಇಲ್ಲ, ಗಿಧಿ ಇಲ್ಲ.

ಈಗ ಕಥೆ ಹೇಳ್ತೀನಿ, ಕೇಳಿ. ನಡುನಡುವೆ ಅಡ್ಡ ಬರ್ತೀನಿ, ಬೇಜಾರು ಮಾಡ್ಕೋಬೇಡಿ.

1989. ಒಂದು ಹೋಬಳಿ ಊರು. ಮೂರು ವರ್ಷದ ಹಿಂದೆ, 1986ರಲ್ಲಿ, ನಮ್ಮ ಕಿತ್ತೂರಿನಲ್ಲಿ ಸಿ-ಡಾಟ್‌ನವರ ಹಳ್ಳಿ ಎಕ್ಸ್‌ಚೇಂಜ್ ಮೊದಲು ಕೂತಿತ್ತಲ್ಲ, 128 ಪೋರ್ಟಿನದು, ಏಸಿ ಬೇಡ, ಧೂಳಿಗೂ ಸೆಕೆಗೂ ಹೆದರಲ್ಲ. ಅಂಥದ್ದೇ ಒಂದು ಡಬ್ಬ ಈ ಊರಿಗೂ ಬಂದಿದೆ. ಊರಿಗೂ ಸುತ್ತಲ ನಾಲ್ಕು ಹಳ್ಳಿಗೂ ಸೇರಿ ಮೂರಂಕಿಯ ನಂಬರು. ಗ್ರಂಧಿಗೆ ಅಂಗಡಿಯ ನಂಬರ್ 240.

ಅಂಗಡಿಯಲ್ಲಿ ಕೂರುವವನು ರುದ್ರಪ್ಪ. ನಲವತ್ತಾರು ವರ್ಷ, ಮದುವೆ ಆಗಿಲ್ಲ. ಹಣೆ ತುಂಬ ವಿಭೂತಿ. ಅಂಗಡಿ ಅಣ್ಣನದು. ಫೋನಿನ ಡಯಲ್‌ಗೆ ಬೀಗ. ಡಯಲ್ ತೂತಿನಲ್ಲಿ ಸಿಕ್ಕಿಸುವ ಆ ಚಿಕ್ಕ ಬೀಗ ನೋಡಿದ್ದೀರಲ್ಲ, ಹಾಕಿದರೆ ಡಯಲ್ ಪೂರ್ತಿ ತಿರುಗಲ್ಲ. ಬೀಗದ ಕೈ ಅಣ್ಣನ ಉಡಿದಾರದಲ್ಲಿ. ಅಂದರೆ ರುದ್ರಪ್ಪನಿಗೆ ಫೋನ್ ಬರಬಹುದು, ಅವನು ಯಾರಿಗೂ ಮಾಡುವಂತಿಲ್ಲ. ಇದನ್ನು ಮೊದಲ ಪುಟದಲ್ಲೇ ಹೇಳಿದ್ದೀನಿ. ಸುಮ್ನೆ ವರ್ಣನೆ ಅಂತ ಓದುಗ ಮುಂದೆ ಹೋಗ್ತಾನೆ, ಹೋಗಲಿ.

ಒಂದು ಸೋಮವಾರ ಹನ್ನೊಂದು ಗಂಟೆಗೆ ಫೋನು. 'ಪಕ್ಕದ ಮನೆ ಜಯನ್ನ ಸ್ವಲ್ಪ ಕರೀತೀರಾ?' ವಯಸ್ಸಾದ ಹೆಂಗಸಿನ ದನಿ. ಇವನು, 'ರಾಂಗ್ ನಂಬರ್' ಅಂದ. ಆ ಕಡೆಯಿಂದ, 'ಯಾರು, ರಂಗಣ್ಣನವರಾ?' ಇವನು ಇಟ್ಟುಬಿಟ್ಟ.

ಮಾರನೇ ದಿನ ಹನ್ನೊಂದು ಗಂಟೆಗೆ. 'ರಂಗಣ್ಣನವರೇ, ನಿನ್ನೆ ನಿಮಗೆ ಕೆಲಸ ಇತ್ತೇನೋ, ಕಟ್ ಆಯ್ತು. ಜಯನ್ನ ಕರೀತೀರಾ?'

ವಿಭೂತಿ ರುದ್ರಪ್ಪ ಫೋನಿನಲ್ಲಿ ರಂಗಣ್ಣ ಆದದ್ದು ಹೀಗೆ. ಇದನ್ನು ನಾನು ಯೋಚನೆ ಮಾಡಿ ಮಾಡಿದ್ದಲ್ಲ. 'ರಾಂಗ್' ಅಂತ ಬರೆಯುವಾಗ ದೀರ್ಘ ಬಿಟ್ಟುಹೋಯಿತು, 'ರಂಗ್' ಆಯಿತು, ನಾನೇ ನಕ್ಕೆ. ಕೈತಪ್ಪನ್ನು ಎಲ್ಲ ಸಲ ಅಳಿಸಬೇಡಿ.

ಅಮ್ಮ ಇರುವುದು ಎಂಟು ಕಿಲೋಮೀಟರ್ ದೂರದ ಹಳ್ಳಿಯಲ್ಲಿ. ಗಂಡ ಫೋನಿಗೆ ಅರ್ಜಿ ಹಾಕಿ, ಕಾದು, ತೀರಿಕೊಂಡ ಮೇಲೆ ಫೋನು ಬಂತು. ಇಂಥ ಮನೆ ನಾನು ಬೇಕಾದಷ್ಟು ನೋಡಿದ್ದೇನೆ. ಇನ್‌ಸ್ಟ್ರುಮೆಂಟ್ ಹಿಡಿದು ಹೋದರೆ ಗೋಡೆ ಮೇಲೆ ಹಾರ ಹಾಕಿದ ಫೋಟೋ. ಮಗಳು ಜಯ ಈ ಹೋಬಳಿ ಊರಿನಲ್ಲೇ ಇದ್ದಾಳೆ. ಅಳಿಯನಿಗೂ ಅತ್ತೆಗೂ ಜಮೀನಿನ ವಿಷಯಕ್ಕೆ ಮಾತು ಬಿಟ್ಟಿದೆ. ಅಳಿಯ ಹತ್ತೂವರೆ ಬಸ್ಸಿಗೆ ಕೆಲಸಕ್ಕೆ ಹೋಗ್ತಾನೆ. ಹನ್ನೊಂದಕ್ಕೆ ಪಕ್ಕದ ಮನೆಗೆ ಫೋನ್ ಮಾಡಿದರೆ ಮಗಳ ಹತ್ತಿರ ಎರಡು ಮಾತು. ಅದಕ್ಕೇ ಆ ಟೈಮು.

ಒಂದು ಊರಿನಲ್ಲಿ ಈ ಕಥೆ ಓದಿದಾಗ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತು, 'ಸಾರ್, ಕಾಗದ ಬರೆಯಬಹುದಿತ್ತಲ್ಲ?' ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ನೀರು ಕುಡಿದೆ. ಆಗಿನ್ನೂ ಅಳಿಯನ ಜಗಳ ಕಥೆಯಲ್ಲಿ ಇರಲಿಲ್ಲ. ಆ ಪ್ರಶ್ನೆಗಾಗಿಯೇ ಅಳಿಯನನ್ನು ತಂದೆ. ಕಾಗದ ಬಂದರೆ ಅವನು ಒಡೆದು ಓದ್ತಾನೆ. ಅಮ್ಮ ಬಸ್ಸು ಹತ್ತಿ ಬರಲ್ಲ, ಆ ಮನೆ ಹೊಸಿಲು ತುಳಿಯಲ್ಲ. ಆ ಹುಡುಗಿಗೆ ಕಥೆಯಲ್ಲಿ ಪಾಲು ಕೊಡಬೇಕು ನಾನು.

ಮೂರು ದಿನ ಜಗಳ. 'ಕರೆಯೋಕೆ ಬೇಜಾರಾದ್ರೆ ಹಾಗೇ ಹೇಳ್ರಪ್ಪ, ರಾಂಗು ಪಾಂಗು ಅಂತ ಯಾಕಂತೀರಾ.' ರುದ್ರಪ್ಪನೂ, 'ಇದು ಅಂಗಡಿ ಕಣ್ರೀ, ಯಾವ ಜಯನೂ ಇಲ್ಲ' ಅಂತಾನೆ. ನಾಲ್ಕನೇ ದಿನ ಅವನಿಗೆ ಬುದ್ಧಿ ಬಂದು, 'ಅಮ್ಮಾವ್ರೇ, ನಿಮ್ಮ ಹತ್ರ ಇರೋ ನಂಬರ್ ಓದಿ' ಅಂದ. ಆಕೆ ಓದಿದರು. 'ಎರಡು, ನಾಲ್ಕು, ಸೊನ್ನೆ.'

ಅವನಿಗೆ ಮಾತೇ ಹೊರಡಲಿಲ್ಲ. ಅದು ಅವನದೇ ನಂಬರು.

'ಯಾರು ಬರೆದುಕೊಟ್ಟಿದ್ದಮ್ಮ ಇದನ್ನ?' 'ನನ್ನ ಮಗಳೇ. ಗೌರಿ ಹಬ್ಬಕ್ಕೆ ಬಂದಾಗ ಅವಳ ಕೈಯಾರೆ ಕ್ಯಾಲೆಂಡರ್ ಮೇಲೆ ಬರೆದುಹೋದ್ಲು.'

ರುದ್ರಪ್ಪ ಏನಂದುಕೊಂಡಿರಬೇಕು? ಮಗಳು ಬೇಕಂತಲೇ ಸುಳ್ಳು ನಂಬರ್ ಕೊಟ್ಟಿದ್ದಾಳೆ ಅಂತ. ಗಂಡನಿಗೆ ಹೆದರಿಯೋ ಏನೋ. ಅದನ್ನು ಆ ಮುದುಕಿಗೆ ಹೇಗೆ ಹೇಳೋದು? ಹೇಳಲಿಲ್ಲ. 'ಲೈನ್ ಏನೋ ತೊಂದರೆ ಇರಬೇಕಮ್ಮ, ಸರಿ ಹೋಗುತ್ತೆ' ಅಂದ. ಬೈಯುವ ಅವಕಾಶ ಅಲ್ಲಿಗೆ ಮುಗಿಯಿತು. ನೋಡಿ, ಸ್ನೇಹಕ್ಕೆ ಮೊದಲು ಅವನಿಗೊಂದು ಗುಟ್ಟು ಕೊಟ್ಟೆ. ಇಲ್ಲದಿದ್ದರೆ ಅವನು ಯಾಕೆ ಫೋನ್ ಇಡಲ್ಲ? ಒಳ್ಳೆಯವನು ಅಂತಲಾ? ಒಳ್ಳೆಯವರೂ ರಾಂಗ್ ನಂಬರ್ ಬಂದರೆ ಇಡ್ತಾರೆ ಸ್ವಾಮಿ. ನಾನೂ ಇಡ್ತೀನಿ.

ಸ್ನೇಹ ಹೇಗೆ ಬೆಳೀತು ಅನ್ನೋದಕ್ಕೆ ನಾನು ಒದ್ದಾಡಿದ್ದು ಎರಡು ವರ್ಷ. ಇಬ್ಬರನ್ನೂ ಕೂರಿಸಿ ಮಾತಾಡಿಸಿದರೆ ಭಾಷಣ ಆಗುತ್ತಿತ್ತು. 'ಅಮ್ಮ, ನನಗೂ ಯಾರೂ ಇಲ್ಲ' ಅಂತ ಇವನು, 'ಮಗನೇ' ಅಂತ ಅವರು. ಥೂ. ಬಿಡುಗಡೆ ಸಿಕ್ಕಿದ್ದು ಅಂಗಡಿಯಿಂದಲೇ. ಗ್ರಂಧಿಗೆ ಅಂಗಡಿಯಲ್ಲಿ ಪೊಟ್ಟಣ ಕಟ್ಟೋದು ನೋಡಿದ್ದೀರಾ? ತಕ್ಕಡಿಯಿಂದ ಕಾಗದಕ್ಕೆ ಸುರಿದು, ನಾಲ್ಕು ಕಡೆ ಮಡಚಿ, ಮೇಲೆ ತೂಗುಬಿಟ್ಟ ಉಂಡೆಯಿಂದ ದಾರ ಎಳೆದು, ಸುತ್ತಿ, ಪಟ್ ಅಂತ ಕಡಿಯಬೇಕು. ಎರಡು ಕೈ ಬೇಕೇ ಬೇಕು. ಗಿರಾಕಿ ಬಂದರೆ ರಿಸೀವರನ್ನು ಗಲ್ಲಾಪೆಟ್ಟಿಗೆ ಪಕ್ಕ ಮಲಗಿಸಲೇಬೇಕು. ಕಟ್ ಮಾಡುವ ಹಾಗಿಲ್ಲ, ಅಮ್ಮ ಬೇಜಾರಾಗ್ತಾರೆ. ಆಗ ಲೋಕಲ್ ಕಾಲಿಗೆ ಎಷ್ಟು ಹೊತ್ತಾದರೂ ಒಂದೇ ಯೂನಿಟ್. ಹಾಗಾಗಿ ಅಮ್ಮನೂ ಇಡಲ್ಲ. ಆ ಕಡೆ ಕೂತು ಅಂಗಡಿ ಕೇಳ್ತಾರೆ!

ಗಿರಾಕಿಯ ಚೌಕಾಸಿ, ತಕ್ಕಡಿ ಸದ್ದು, ಹುಡುಗ ಕುಮಾರ ಒರಳಲ್ಲಿ ಕುಟ್ಟುವುದು. ರುದ್ರಪ್ಪ ವಾಪಸ್ ಬಂದು ರಿಸೀವರ್ ಎತ್ತಿದರೆ, 'ಆ ಹುಡುಗ ಕುಟ್ತಾ ಇರೋದು ಒಣಶುಂಠಿ ಅಲ್ವಾ? ಸೀಗೆಕಾಯಾದ್ರೆ ಇಷ್ಟು ಸದ್ದು ಬರಲ್ಲ' ಅಂತಾರೆ. ಇನ್ನೊಂದು ದಿನ, 'ಆ ಹೆಂಗಸಿಗೆ ಚಿಲ್ಲರೆ ಎಂಟಾಣೆ ಜಾಸ್ತಿ ಕೊಟ್ಟೆ ನೋಡು.' ಇವನು ಲೆಕ್ಕ ಹಾಕ್ತಾನೆ, ಹೌದು, ಕೊಟ್ಟಿದ್ದಾನೆ. ಬುಧವಾರ ಸಂತೆ, ಅವತ್ತು ಮಾತಿಗೆ ಬಿಡುವಿಲ್ಲ. ಅಮ್ಮ ಬುಧವಾರ ಬರೀ ಕೇಳೋಕೆ ಅಂತಲೇ ಫೋನ್ ಮಾಡ್ತಾರೆ. 'ಎತ್ತಿ ಪಕ್ಕಕ್ಕಿಡು ರಂಗ, ಸಂತೆ ಕೇಳ್ತೀನಿ.'

ಗಮನಿಸಿದಿರಾ, 'ರಂಗ' ಅಂದರು. ಮೊದಲು 'ರಂಗಣ್ಣನವರೇ, ನೀವು'. ಎರಡನೇ ವಾರಕ್ಕೆ 'ರಂಗಣ್ಣ', ಇನ್ನೂ 'ನೀವು'. ಎಂಟಾಣೆ ತಪ್ಪು ಹಿಡಿದ ದಿನ ಮೊದಲ ಸಲ 'ಕೊಟ್ಟೆ ನೋಡು' ಅಂತ ಏಕವಚನ. ಇವನದೂ ಹಾಗೇ. 'ಕಣ್ರೀ' ಹೋಗಿ 'ಅಮ್ಮಾವ್ರೇ', ಅದು ಹೋಗಿ 'ಅಮ್ಮ'. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ 'ಯು'. ನಮ್ಮಲ್ಲಿ ನೀವಿನಿಂದ ನೀನಿಗೆ ಇಳಿಯುವ ಒಂದು ಮೆಟ್ಟಿಲು ಇದೆ. ಯಾವ ಮಾತಿನಲ್ಲಿ ಪಾತ್ರ ಆ ಮೆಟ್ಟಿಲು ಇಳಿಯಿತು ಅಂತ ನಿಮಗೆ ಗೊತ್ತಿರಬೇಕು. ನಿನ್ನೆ ಓದಿದ ಒಂದು ಕಥೆಯಲ್ಲಿ ಒಂದೇ ಸಂಭಾಷಣೆಯಲ್ಲಿ ಮೂರು ಸಲ ಇಳಿದು ಹತ್ತಿದ್ದಾರೆ. ಮಂಡಿ ನೋವು ಬರುತ್ತೆ.

ಏನದು ಚೀಟಿ? ಹತ್ತು ನಿಮಿಷನಾ? ಆಯ್ತು ಆಯ್ತು. ಐದು ಅಂಶದಲ್ಲಿ ಇನ್ನೂ ಎರಡನೇದರಲ್ಲೇ ಇದ್ದೀನಿ. ಮೂರು, ನಾಲ್ಕು ಬಿಡ್ತೀನಿ. 'ಕಾಲ ಮತ್ತು ಸ್ಥಳದ ಏಕತೆ' ಅಂತ ಬರೆದುಕೊಂಡಿದ್ದೆ, ಅದನ್ನು ಬಿಟ್ಟರೆ ನಿಮಗೇನೂ ನಷ್ಟ ಇಲ್ಲ.

ಈಗ ಲೈನ್‌ಮನ್. ಮಳೆಗಾಲದಲ್ಲಿ ಅಮ್ಮನ ಲೈನಿನಲ್ಲಿ ಗೊರಗೊರ ಸದ್ದು, ಲೈನ್‌ಮನ್ ಹೋಗ್ತಾನೆ. ಸರಿಮಾಡಿ ಹೊರಡುವಾಗ ಅಮ್ಮ, 'ನಮ್ಮ ಮಗಳ ಊರಿನ ಲೈನ್ ಯಾವಾಗ ಸರಿ ಹೋಗುತ್ತಪ್ಪ?' ಅಂತ ಕೇಳ್ತಾರೆ. ಅವನು ಸೊನ್ನೆ ಸುತ್ತಿ ಸದ್ದು ಕೇಳ್ತಾನೆ, ಡಯಲ್ ಚೆನ್ನಾಗಿದೆ. 'ಎಲ್ಲಿ, ನನ್ನ ಮುಂದೆ ಡಯಲ್ ಮಾಡಿ ಅಮ್ಮ.' ಅಮ್ಮನಿಗೆ ಇಂಗ್ಲಿಷ್ ಅಂಕಿ ಬರಲ್ಲ. ಮಗಳು ಹೇಳಿಕೊಟ್ಟ ಹಾಗೆ ತೂತು ಎಣಿಸ್ತಾರೆ. ಮೊದಲನೇದು ಒಂದು, ಕಟ್ಟಕಡೆಯದು ಸೊನ್ನೆ. ಎರಡನೇ ತೂತು, ನಾಲ್ಕನೇ ತೂತು, ಕಡೇ ತೂತು. ನಿಧಾನ, ಒಂದೂ ತಪ್ಪಿಲ್ಲ. ಲೈನ್‌ಮನ್ ಕ್ಯಾಲೆಂಡರ್ ಹತ್ತಿರ ಹೋಗಿ ನೋಡ್ತಾನೆ. ಶಾಯಿ ಪೆನ್ನಿನಲ್ಲಿ ಕನ್ನಡ ಅಂಕಿ. ೨೪೦. ಕ್ಯಾಲೆಂಡರ್ ಎತ್ತಿ ಕಿಟಕಿ ಬೆಳಕಿಗೆ ಹಿಡಿಯುತ್ತಾನೆ. ಕೊನೆಯ ಅಂಕಿಯ ಕೆಳಗೆ ಶಾಯಿ ಸ್ವಲ್ಪ ತೆಳು.

ನಮ್ಮ ೧ ಹೇಗಿರುತ್ತೆ? ಸುತ್ತು ಬಂದು ಕೆಳಗೆ ಬಾಯಿ ಬಿಟ್ಟಿರುತ್ತೆ. ಅಗ್ಗದ ಕಾಗದದಲ್ಲಿ ಶಾಯಿ ಹರಡಿ ಆ ಬಾಯಿ ಮುಚ್ಚಿದರೆ? ೦. ಮಗಳು ಬರೆದದ್ದು ೨೪೧. ಅಮ್ಮ ಓದಿದ್ದು ೨೪೦. ಮಗಳು ಸುಳ್ಳು ಹೇಳಿರಲಿಲ್ಲ. ಅವಳು ದಿನಾ ಹನ್ನೊಂದಕ್ಕೆ ಪಕ್ಕದ ಮನೆ ಹಜಾರದಲ್ಲಿ ಕೂತು ಕಾದು, ಅಮ್ಮನಿಗೆ ನನ್ನ ಮೇಲೂ ಕೋಪ ಅಂದುಕೊಂಡು ಎದ್ದು ಬರ್ತಿದ್ದಳು. ಇಷ್ಟನ್ನು ಕಥೆಯಲ್ಲಿ ಒಂದೇ ಸಾಲಿನಲ್ಲಿ ಬರೆದಿದ್ದೀನಿ, ಜಾಸ್ತಿ ಎಳೆದಿಲ್ಲ.

ಲೈನ್‌ಮನ್ ಅಲ್ಲೇ ಹೇಳಿದ್ದರೆ ಕಥೆ ಮುಗೀತಿತ್ತು. ಅವನು ಹೇಳಲ್ಲ, ಯಾಕೆಂದರೆ ಅದು ಒಂದೋ ಸೊನ್ನೆಯೋ ಅವನಿಗೂ ಖಾತ್ರಿ ಇಲ್ಲ. 241 ಯಾರದು ಅಂತ ಎಕ್ಸ್‌ಚೇಂಜಿಗೆ ಹೋಗಿ ನೋಡಿ, ದಾರಿಯಲ್ಲಿ ರುದ್ರಪ್ಪನ ಅಂಗಡಿಗೆ ಬರ್ತಾನೆ. 'ಶೆಟ್ಟರ ಬೀದಿ ಮನೆದು ಕಣ್ರೀ. ಅವರ ಪಕ್ಕದಲ್ಲೇ ಜಯಮ್ಮ ಅಂತ ಇದಾರೆ. ನಾಳೆ ಆ ಅಜ್ಜಿ ಫೋನ್ ಮಾಡಿದಾಗ ನೀವೇ ಹೇಳಿಬಿಡಿ, ಕಡೇದು ಒಂದು ಅಂತ.'

ರುದ್ರಪ್ಪ 'ಆಗಲಿ' ಅಂದ.

ಮಾರನೇ ದಿನ ಫೋನ್ ಬಂತು. ಹೇಳಲಿಲ್ಲ. ಗಿರಾಕಿ ಇದ್ದರು. ಅದರ ಮಾರನೇ ದಿನ ಗಿರಾಕಿ ಇರಲಿಲ್ಲ, ಆದರೂ ಹೇಳಲಿಲ್ಲ. ಬುಧವಾರ ಸಂತೆ. ಹೀಗೆ ಹನ್ನೊಂದು ದಿನ.

ನನ್ನ ಕಥೆ ಇರುವುದು ಈ ಹನ್ನೊಂದು ದಿನದಲ್ಲಿ. ಉಳಿದದ್ದೆಲ್ಲ ಇಲ್ಲಿಗೆ ಬರುವ ದಾರಿ. ಒಂದು ಅಂಕಿ ಹೇಳಿದರೆ ಅಮ್ಮನಿಗೆ ಮಗಳು ಸಿಗ್ತಾಳೆ, ಇವನಿಗೆ ಹನ್ನೊಂದು ಗಂಟೆ ಹೋಗುತ್ತೆ. ಅವನು ಕೆಟ್ಟವನಲ್ಲ. ದಿನಾ ಬೆಳಗ್ಗೆ ವಿಭೂತಿ ಹಚ್ಚುವಾಗ ಇವತ್ತು ಹೇಳ್ತೀನಿ ಅಂದುಕೊಳ್ತಾನೆ. ಫೋನ್ ಎತ್ತಿದ ಕೂಡಲೇ ಅಮ್ಮ, 'ರಂಗ, ಇವತ್ತು ಕೊಬ್ಬರಿ ಏನು ರೇಟು?' ಅಂತಾರೆ, ಮಾತು ಅಲ್ಲಿಗೆ ಹೋಗುತ್ತೆ.

ಇಲ್ಲಿ ನಾನೊಂದು ದೊಡ್ಡ ತಪ್ಪು ಮಾಡಿದ್ದೆ, ಅದನ್ನು ಹೇಳಲೇಬೇಕು. ಐದನೇ ಸಲ ಬರೆದಾಗ, ರಿಸೀವರ್ ಗಲ್ಲಾದ ಪಕ್ಕ ಮಲಗಿರುವಾಗ ಜಯನೇ ಅಂಗಡಿಗೆ ಬರುವ ಹಾಗೆ ಮಾಡಿದ್ದೆ. ಬಜೆ ಕೊಡಿ ಅಂತ ಕೇಳ್ತಾಳೆ, ಆ ಕಡೆ ಅಮ್ಮನಿಗೆ ಮಗಳ ದನಿ ಕೇಳುತ್ತೆ. ಬಜೆ ಯಾರಿಗೆ ಬೇಕು? ಕೂಸಿರುವ ಮನೆಗೆ. ಅಮ್ಮನಿಗೆ ಮೊಮ್ಮಗುವಿನ ವಿಷಯ ಹಾಗೆ ಗೊತ್ತಾಗೋದು. ಆರು ಪುಟ ಬರೆದೆ, ನಾನೇ ಅತ್ತೆ. ಓದಿದವರೂ ಅತ್ತರು. ಹರಿದು ಹಾಕಿದೆ. ಊರಿಗೊಂದೇ ಗ್ರಂಧಿಗೆ ಅಂಗಡಿ, ಜಯ ಬರೋದು ಸಹಜವೇ, ನಂಬದೇ ಇರೋಕೆ ಕಾರಣ ಇಲ್ಲ. ಆದರೆ ಹಾಗಾದರೆ ರುದ್ರಪ್ಪ ಏನೂ ಮಾಡಬೇಕಾಗಿಲ್ಲ. ಗುಟ್ಟು ತಾನಾಗಿ ಬಯಲಾಯಿತು, ಅವನು ಬಚಾವಾದ. ಅವನ ಬಾಯಿಂದ ಬರಬೇಕಾದ ಮಾತನ್ನು ನಾನು ಟೆಲಿಫೋನ್ ತಂತಿಯಿಂದ ಆಡಿಸಿಬಿಟ್ಟಿದ್ದೆ. ವಿಧಿಯನ್ನು ಬಾಗಿಲಿಂದ ಓಡಿಸಿ ಕಿಟಕಿಯಿಂದ ಕರೆದಂತಾಯಿತು.

ಹನ್ನೆರಡನೇ ದಿನ ಅವನು ಹೇಳ್ತಾನೆ. ಹೇಗೆ ಅಂದರೆ, 'ಅಮ್ಮ, ಕಡೇ ತೂತಿನ ಬದಲು ಮೊದಲನೇ ತೂತಿಗೆ ಬೆರಳು ಹಾಕಿ ನೋಡಿ. ಲೈನ್ ಸರಿ ಹೋಗಿರಬಹುದು.' ಅಷ್ಟೇ. ಹನ್ನೊಂದು ದಿನ ಮುಚ್ಚಿಟ್ಟೆ ಅಂತ ಹೇಳಲಿಲ್ಲ. ತನ್ನ ಹೆಸರು ರಂಗ ಅಲ್ಲ ಅಂತಲೂ ಹೇಳಲಿಲ್ಲ. ಅಮ್ಮ, 'ಹಾಗಂತೀಯಾ? ತಡಿ, ನೋಡ್ತೀನಿ' ಅಂತ ಇಟ್ಟರು.

ಮಾರನೇ ದಿನ ಹನ್ನೊಂದಕ್ಕೆ ಫೋನ್ ಇಲ್ಲ. ಅದರ ಮಾರನೇ ದಿನವೂ ಇಲ್ಲ. ಸಂತೆ ದಿನವೂ ಇಲ್ಲ. ಇವನು ಮಾಡೋಣ ಅಂದರೆ ಡಯಲ್‌ಗೆ ಬೀಗ. ಬೀಗ ಇರಲಿ, ಅಮ್ಮನ ನಂಬರೇ ಗೊತ್ತಿಲ್ಲ. ನಾಲ್ಕು ತಿಂಗಳಲ್ಲಿ ಒಂದು ದಿನವೂ ಕೇಳಿಲ್ಲ. ಆಗಿನ ಫೋನಿನಲ್ಲಿ ಯಾರು ಮಾಡಿದರು ಅಂತ ಕಾಣಿಸುತ್ತಿರಲಿಲ್ಲವಲ್ಲ.

ಐದು ನಿಮಿಷನಾ? ಮುಗಿಸ್ತೀನಿ. ಅಂತ್ಯ ಹೇಳದೆ ಇಳಿದರೆ ನೀವು ಬಿಡಲ್ಲ.

ಅಂತ್ಯಕ್ಕೆ ಒಬ್ಬ ಸಂಪಾದಕರು, ಇಬ್ಬರನ್ನೂ ಜಾತ್ರೆಯಲ್ಲಿ ಭೇಟಿ ಮಾಡಿಸಿ ಅಂದರು. ಒಪ್ಪಲಿಲ್ಲ. ಭೇಟಿ ಆದ ಕೂಡಲೇ ಆಕೆ ವಿಭೂತಿ ನೋಡ್ತಾರೆ, ರಂಗ ಹೋಗಿಬಿಡ್ತಾನೆ. ಮುಖ ನೋಡಿದರೆ ಅವರಿಬ್ಬರೂ ಮತ್ತೆ 'ನೀವು' ಆಗ್ತಾರೆ.

ನಾನು ಬರೆದದ್ದು ಇದು. ಹದಿನೈದು ದಿನ ಆದ ಮೇಲೆ ಒಂದು ಮಧ್ಯಾಹ್ನ ರುದ್ರಪ್ಪ ಗೋದಾಮಿನಲ್ಲಿ ಮೂಟೆ ಇಳಿಸ್ತಿದ್ದಾನೆ. ಹನ್ನೊಂದಲ್ಲ, ಮೂರು ಗಂಟೆ. ವಾಪಸ್ ಬಂದಾಗ ಕುಮಾರ ಗಲ್ಲಾದಲ್ಲಿ ಕೂತಿದ್ದಾನೆ.

'ಫೋನ್ ಬಂದಿತ್ತಾ?'

'ಬಂದಿತ್ತಣ್ಣ. ಯಾರೋ ಅಜ್ಜಿ. ರಂಗ ಇದ್ದಾನಾ ಅಂದ್ರು. ರಾಂಗ್ ನಂಬರ್ ಅಂದೆ.'

ಹುಡುಗನದೇನೂ ತಪ್ಪಿಲ್ಲ. ಹಾಗನ್ನೋದನ್ನು ಅವನಿಗೆ ಕಲಿಸಿದ್ದೇ ರುದ್ರಪ್ಪ, ಮೊದಲ ವಾರದಲ್ಲಿ.

ಈಗ ಬೀಗದ ವಿಷಯ. ಬೀಗ ಹಾಕಿದ ಫೋನಿನಿಂದ ಹುಡುಗರು ಹೇಗೆ ಫೋನ್ ಮಾಡುತ್ತಿದ್ದರು ಅಂತ ಇಲ್ಲಿ ಕೆಲವರಿಗೆ ಗೊತ್ತಿದೆ, ನಗ್ತಾ ಇದ್ದಾರೆ. ಡಯಲ್ ಮಾಡುವ ಕೆಲಸವೇ ಲೈನ್ ಕಟ್ ಮಾಡಿ ಸೇರಿಸೋದು ಅಂದೆನಲ್ಲ. ರಿಸೀವರ್ ಇಡುವ ಜಾಗದ ಗುಂಡಿ ಒತ್ತಿದರೂ ಲೈನ್ ಕಟ್ ಆಗುತ್ತೆ, ಬಿಟ್ಟರೆ ಸೇರುತ್ತೆ. ಬೆರಳಲ್ಲಿ ಬೇಗ ಬೇಗ ತಟ್ಟಿದರೆ ಎಕ್ಸ್‌ಚೇಂಜ್ ಅದನ್ನೂ ಎಣಿಸುತ್ತೆ. ನಿಧಾನ ಆದರೆ ಕೆಟ್ಟಿತು, ಫೋನ್ ಇಟ್ಟರು ಅಂದುಕೊಂಡು ಮೊದಲಿಂದ ಟೋನ್ ಕೊಡುತ್ತೆ. ಒಂದಂಕಿಗೂ ಇನ್ನೊಂದಕ್ಕೂ ನಡುವೆ ಸ್ವಲ್ಪ ಬಿಡಬೇಕು. ನಲವತ್ತಾರು ವರ್ಷದ ಗಟ್ಟಿ ಬೆರಳಿಗೆ ಕಷ್ಟ.

ಅಮ್ಮನ ನಂಬರ್ ಗೊತ್ತಿಲ್ಲ. ಗೊತ್ತಿರುವುದು ಒಂದೇ, 241. ಆ ಮನೆಯವರು ಪಕ್ಕದ ಜಯಮ್ಮನನ್ನು ಕರೆದರೆ, ಜಯಮ್ಮ ಅಮ್ಮನ ನಂಬರ್ ಕೊಟ್ಟರೆ. ಯಾರು ನೀವು ಅಂತ ಅವಳು ಕೇಳಿದರೆ ಏನು ಹೇಳಬೇಕು ಅಂತ ಅವನು ಯೋಚನೆ ಮಾಡಿಲ್ಲ. ಕುಮಾರನನ್ನು ಕಾಫಿಗೆ ಕಳಿಸಿ ರಿಸೀವರ್ ಎತ್ತುತ್ತಾನೆ.

ಎರಡು ಸಲ ತಟ್ಟುತ್ತಾನೆ. ಬಿಡುತ್ತಾನೆ. ನಾಲ್ಕು ಸಲ. ಬಿಡುತ್ತಾನೆ. ಆಮೇಲೆ ಒಂದೇ ಒಂದು ಸಲ.

ಅಲ್ಲಿಗೆ ನಿಲ್ಲಿಸಿದೆ. ಏನಮ್ಮಾ? ರಿಂಗ್ ಆಯ್ತಾ ಅಂತನಾ? ಮಳೆಗಾಲ, ಹಳ್ಳಿ ಲೈನು, ಮೂರು ಗಂಟೆ, ಕರೆಂಟ್ ಇದ್ದಿದ್ದು ಡೌಟು. ಎಕ್ಸ್‌ಚೇಂಜ್ ಬ್ಯಾಟರಿ ಮೇಲೆ ನಡೀತಿತ್ತು ಅಂತ ಇಟ್ಟುಕೊಂಡರೆ ಆಗಿರುತ್ತೆ. ಕಡೇ ಅಂಕಿ ಒಂದೇ ಆಗಿದ್ದು ಪುಣ್ಯ. ಸೊನ್ನೆ ಆಗಿದ್ದರೆ ಅವನು ಹತ್ತು ಸಲ ತಟ್ಟಬೇಕಿತ್ತು.

ಊಟಕ್ಕೆ ಕರೀತಾ ಇದ್ದಾರೆ, ಏಳಿ. ಆ ಮೂರು ಕಥೆ ಬರೆದವರು ಊಟ ಆದ ಮೇಲೆ ನನ್ನ ಹತ್ತಿರ ಬನ್ನಿ, ನಿಮ್ಮ ಎರಡನೇ ಕಾಲ್ ಎಲ್ಲಿಂದ ಬಂತು ಅಂತ ಕೂತು ನೋಡೋಣ.